ಶೂ ಒಳಗೆ ಆರ್ಚ್ ಸಪೋರ್ಟ್ ಹಾಕಿದರೆ ಒಂದು ಸೈಜ್ ದೊಡ್ಡದು ತಗೋಬೇಕಾ?

ಆರ್ಚ್ ಸಪೋರ್ಟ್ ಇರುವ ಇನ್‌ಸೋಲ್ ತಂದು ಶೂ ಒಳಗೆ ಹಾಕಿದ ಕೂಡಲೇ ಹೆಚ್ಚಿನವರಿಗೆ ಆಗುವ ಅನುಭವ ಒಂದೇ. ನಿನ್ನೆವರೆಗೆ ಸರಿಯಾಗಿದ್ದ ಶೂ ಇವತ್ತು ಬಿಗಿ. ಬೆರಳುಗಳ ಮೇಲೆ ಒತ್ತುತ್ತದೆ, ಲೇಸ್ ಕಟ್ಟಿದ ಜಾಗದಲ್ಲಿ ಹಿಡಿದಂತಾಗುತ್ತದೆ, ಹಿಮ್ಮಡಿ ಮಾತ್ರ ಹಿಂದಿನಿಂದ ಮೇಲೆದ್ದು ಬರುತ್ತದೆ. ಆಗ ಮನಸ್ಸಿಗೆ ಮೊದಲು ಬರುವ ಪರಿಹಾರ, ಒಂದು ಸೈಜ್ ದೊಡ್ಡ ಶೂ ತಗೊಂಡುಬಿಡೋಣ ಅಂತ. ಅಂಗಡಿಯಲ್ಲೂ ಬಹಳ ಸಲ ಅದನ್ನೇ ಹೇಳುತ್ತಾರೆ.

ಹೆಚ್ಚಿನ ಸಂದರ್ಭಗಳಲ್ಲಿ ಈ ಸಲಹೆ ತಪ್ಪು ಅಂತ ನಾನು ಹೇಳುತ್ತೇನೆ. ಇನ್‌ಸೋಲ್ ಮುಖ್ಯವಾಗಿ ತಿನ್ನುವುದು ಶೂ ಒಳಗಿನ ಎತ್ತರವನ್ನು. ದೊಡ್ಡ ಸೈಜ್ ಮುಖ್ಯವಾಗಿ ಕೊಡುವುದು ಉದ್ದವನ್ನು. ಕಳೆದುಕೊಂಡದ್ದು ಒಂದು, ಕೊಂಡು ತಂದದ್ದು ಇನ್ನೊಂದು. ಇವೆರಡರ ನಡುವಿನ ಲೆಕ್ಕ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಅನ್ನುವುದನ್ನು ಒಂದು ಉದಾಹರಣೆ ಹಿಡಿದುಕೊಂಡು ನೋಡೋಣ.

ಒಬ್ಬ ಶಿಕ್ಷಕಿ ಇದ್ದಾರೆ ಅಂದುಕೊಳ್ಳಿ. ದಿನವಿಡೀ ನಿಂತು ಪಾಠ ಮಾಡುವವರು. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ನೋವು. ಫಿಸಿಯೋ ಹೇಳಿದ ಮೇಲೆ ಪೂರ್ತಿ ಉದ್ದದ ಆರ್ಚ್ ಸಪೋರ್ಟ್ ಇನ್‌ಸೋಲ್ ತಂದಿದ್ದಾರೆ. ಅವರು ಹಾಕುವುದು ಲೇಸ್ ಇರುವ ವಾಕಿಂಗ್ ಶೂ, ಯುಕೆ ಅಳತೆಯಲ್ಲಿ 6. ಹೊಸ ಇನ್‌ಸೋಲ್ ಹಾಕಿದ ಮೇಲೆ ಬಿಗಿ ಆಗಿದೆ. 7 ತಗೋಬೇಕಾ ಅನ್ನುವುದು ಅವರ ಪ್ರಶ್ನೆ.

ಮೊದಲು ಶೂ ಒಳಗೆ ಏನಿದೆ ನೋಡಿ

ತುಂಬಾ ಜನ ಹೊಸ ಇನ್‌ಸೋಲನ್ನು ಹಳೆಯದರ ಮೇಲೆಯೇ ಹಾಕಿಬಿಡುತ್ತಾರೆ. ಬಿಗಿ ಆಗುವುದಕ್ಕೆ ಅರ್ಧ ಕಾರಣ ಇದೇ. ಶೂ ಜೊತೆಗೆ ಬಂದ ಇನ್‌ಸೋಲ್ ತೆಗೆಯಲು ಬರುತ್ತದಾ ಅಂತ ಮೊದಲು ನೋಡಿ. ಹಿಮ್ಮಡಿಯ ಕಡೆ ಅಂಚಿನಲ್ಲಿ ಉಗುರು ಹಾಕಿ ನಿಧಾನಕ್ಕೆ ಎತ್ತಿ. ವಾಕಿಂಗ್, ರನ್ನಿಂಗ್ ಶೂಗಳಲ್ಲಿ ಸಾಮಾನ್ಯವಾಗಿ ಸಲೀಸಾಗಿ ಬರುತ್ತದೆ, ಅಥವಾ ಒಂದೆರಡು ಕಡೆ ಸ್ವಲ್ಪ ಅಂಟು ಹಿಡಿದಿರುತ್ತದೆ. ಅದರ ಕೆಳಗೆ ಹೊಲಿಗೆ ಕಾಣುವ ಚಪ್ಪಟೆ ಬಟ್ಟೆಯೋ ರಟ್ಟಿನಂಥ ಹಲಗೆಯೋ ಇರುತ್ತದೆ. ಹೊಸ ಇನ್‌ಸೋಲ್ ಕೂರಬೇಕಾದದ್ದು ಅಲ್ಲಿ.

ಫಾರ್ಮಲ್ ಚರ್ಮದ ಶೂಗಳಲ್ಲಿ ಮತ್ತು ಕೆಲವು ತೆಳು ಫ್ಯಾಷನ್ ಶೂಗಳಲ್ಲಿ ಒಳಪದರವನ್ನು ಪೂರ್ತಿ ಅಂಟಿಸಿರುತ್ತಾರೆ. ಅದನ್ನು ಕಿತ್ತರೆ ಕೆಳಗೆ ಮೊಳೆಯ ತಲೆ, ಅಂಟಿನ ಗಂಟು, ಏರುಪೇರು ಸಿಗಬಹುದು. ಅಂಥ ಶೂಗೆ ಬೇರೆಯದೇ ಲೆಕ್ಕ. ಅದನ್ನು ಆಮೇಲೆ ನೋಡೋಣ.

ನಮ್ಮ ಶಿಕ್ಷಕಿಯ ಶೂ ಇನ್‌ಸೋಲ್ ಸುಲಭವಾಗಿ ಹೊರಬಂತು. ಅದನ್ನು ನೆಲದ ಮೇಲಿಟ್ಟು ಅವರು ಅದರ ಮೇಲೆ ನಿಂತರು. ಹೊಸ ಇನ್‌ಸೋಲ್ ವಿಚಾರಕ್ಕೆ ಹೋಗುವ ಮೊದಲೇ ಈ ಪರೀಕ್ಷೆ ಮಾಡಲೇಬೇಕು. ಹಿಮ್ಮಡಿಯನ್ನು ಇನ್‌ಸೋಲಿನ ಹಿಂದಿನ ಅಂಚಿಗೆ ಸರಿಯಾಗಿ ಕೂರಿಸಿ, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ ನಿಲ್ಲಬೇಕು. ಉದ್ದದ ಬೆರಳಿನ ತುದಿಯಿಂದ ಇನ್‌ಸೋಲಿನ ತುದಿಗೆ ಸುಮಾರು 10ರಿಂದ 12 ಮಿ.ಮೀ. ಜಾಗ ಉಳಿದಿರಬೇಕು. ಕೆಲವರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳೇ ಉದ್ದ ಇರುತ್ತದೆ, ಅಂಥವರು ಅಲ್ಲಿಂದ ಅಳೆಯಬೇಕು. ಪಾದದ ಮುಂಭಾಗ ಎರಡೂ ಪಕ್ಕದಲ್ಲಿ ಇನ್‌ಸೋಲಿನಿಂದ ಆಚೆ ಚಾಚಿಕೊಂಡಿದ್ದರೆ ಶೂ ಮೊದಲಿನಿಂದಲೂ ಅಗಲ ಸಾಲದೇ ಇತ್ತು ಅಂತಲೇ ಅರ್ಥ. ಆ ತಪ್ಪನ್ನು ಹೊಸ ಇನ್‌ಸೋಲಿನ ಮೇಲೆ ಹೊರಿಸಬೇಡಿ.

ಅಳತೆಯನ್ನು ಸಂಜೆ ಹೊತ್ತು ತಗೊಳ್ಳಿ, ದಿನ ಕಳೆದಂತೆ ಪಾದ ಸ್ವಲ್ಪ ಊದುತ್ತದೆ. ಎರಡೂ ಪಾದ ಅಳೆಯಿರಿ. ಒಂದಕ್ಕಿಂತ ಒಂದು ಸ್ವಲ್ಪ ದೊಡ್ಡದಿರುವುದು ತೀರಾ ಸಾಮಾನ್ಯ. ಇವರದ್ದು ಎಡಪಾದ 245 ಮಿ.ಮೀ., ಬಲಪಾದ 248. ಹಳೆಯ ಇನ್‌ಸೋಲ್ 259. ದೊಡ್ಡ ಪಾದದ ಮುಂದೆ 11 ಮಿ.ಮೀ. ಜಾಗ ಇದೆ. ಅಂದರೆ ಉದ್ದದ ಮಟ್ಟಿಗೆ 6ನೇ ಸೈಜ್ ಇವರಿಗೆ ಸರಿಯಾಗಿಯೇ ಇದೆ. ಇದನ್ನು ಬರೆದಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಹೊಸದರ ದಪ್ಪದಲ್ಲಿ ಹಳೆಯದರ ದಪ್ಪ ಕಳೆಯಿರಿ

ಈಗ ದಪ್ಪದ ಲೆಕ್ಕ. ಹೊಸ ಇನ್‌ಸೋಲ್ 7 ಮಿ.ಮೀ. ದಪ್ಪ ಇದೆ ಅಂದರೆ ಶೂ ಒಳಗೆ 7 ಮಿ.ಮೀ. ಹೋಯಿತು ಅಂತಲ್ಲ. ಹಳೆಯದನ್ನು ತೆಗೆದಿದ್ದೀರಲ್ವಾ? ಅದರ ದಪ್ಪ ಕಳೆದು ಉಳಿದದ್ದಷ್ಟೇ ಲೆಕ್ಕಕ್ಕೆ.

ಮೂರು ಕಡೆ ಅಳೆಯಿರಿ: ಹಿಮ್ಮಡಿಯ ನಡುವೆ, ಬೆರಳುಗಳ ಬುಡದಲ್ಲಿ, ಬೆರಳಿನ ತುದಿ ಬರುವಲ್ಲಿ. ದಪ್ಪ ಅಳೆಯುವ ಕ್ಯಾಲಿಪರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಂಚನ್ನು ಎರಡು ಗಟ್ಟಿ ಸ್ಕೇಲುಗಳ ನಡುವೆ ಹಗುರವಾಗಿ ಒತ್ತಿ ಹಿಡಿದು ಮೂರನೇ ಸ್ಕೇಲಿನಿಂದ ನೋಡಿ. ಹಗುರವಾಗಿ ಒತ್ತಿ ಅಂದಿದ್ದು ಸುಮ್ನೆ ಅಲ್ಲ. ಮೆತ್ತನೆಯ ಫೋಮ್ ಕೈಯಲ್ಲಿದ್ದಾಗ 6 ಮಿ.ಮೀ. ಕಂಡರೂ ಮೈಭಾರ ಬಿದ್ದಾಗ ಅದರಲ್ಲಿ ಅರ್ಧದಷ್ಟು ಕುಗ್ಗಬಹುದು. ಗಟ್ಟಿ ಪ್ಲಾಸ್ಟಿಕ್ ತಳ ಇರುವ ಆರ್ಚ್ ಸಪೋರ್ಟ್ ಕುಗ್ಗುವುದಿಲ್ಲ. ಆದ್ದರಿಂದ ಒಂದೇ ದಪ್ಪದ ಎರಡು ಇನ್‌ಸೋಲ್‌ಗಳು ಶೂ ಒಳಗೆ ಬೇರೆ ಬೇರೆ ಥರ ವರ್ತಿಸುತ್ತವೆ.

ಕಮಾನಿನ ಎತ್ತರವನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ಪೊಟ್ಟಣದ ಮೇಲೆ ಕಮಾನು 25 ಮಿ.ಮೀ. ಅಂತ ಬರೆದಿದ್ದರೆ ಕೆಲವರು ಗಾಬರಿಯಾಗುತ್ತಾರೆ. ಆ ಉಬ್ಬು ಕೂರುವುದು ಪಾದದ ಕಮಾನಿನ ಕೆಳಗಿನ ಖಾಲಿ ಜಾಗದಲ್ಲಿ. ಅದು ಪಾದವನ್ನು ಪೂರ್ತಿಯಾಗಿ ಮೇಲೆತ್ತುವುದಿಲ್ಲ. ಚಪ್ಪಟೆ ಪಾದದವರಿಗೆ ಸ್ವಲ್ಪ ವ್ಯತ್ಯಾಸ ಇದೆ: ಕುಸಿದಿದ್ದ ಕಮಾನು ಸ್ವಲ್ಪ ಎದ್ದಾಗ ಪಾದದ ಮೇಲ್ಭಾಗವೂ ಏರುತ್ತದೆ, ಲೇಸ್ ಕಟ್ಟುವ ಜಾಗದಲ್ಲಿ ಒತ್ತು ಕಾಣುತ್ತದೆ. ಆದರೆ ಅದೇ ಹೊತ್ತಿಗೆ ಪಾದದ ಉದ್ದ ಹೆಚ್ಚುವುದಿಲ್ಲ. ಭಾರ ಬಿದ್ದಾಗ ಪಾದ ಚಪ್ಪಟೆಯಾಗಿ ಉದ್ದವೂ ಅಗಲವೂ ಆಗುತ್ತದೆ. ಆಸರೆ ಸಿಕ್ಕಾಗ ಆ ಹರಡುವಿಕೆ ಕಡಿಮೆಯಾಗುತ್ತದೆಯೇ ಹೊರತು ಜಾಸ್ತಿ ಆಗುವುದಿಲ್ಲ. ಅಂದರೆ ಆರ್ಚ್ ಸಪೋರ್ಟ್ ಹಾಕಿದ್ದಕ್ಕೇ ಉದ್ದದ ಶೂ ಬೇಕು ಅನ್ನುವ ಮಾತಿಗೆ ಪಾದದ ಕಡೆಯಿಂದ ಆಧಾರ ಇಲ್ಲ.

ಶಿಕ್ಷಕಿಯ ಲೆಕ್ಕ ಹೀಗೆ ಬಂತು. ಹಳೆಯ ಇನ್‌ಸೋಲ್ ಹಿಮ್ಮಡಿಯಲ್ಲಿ 4, ಬೆರಳಿನ ಬುಡದಲ್ಲಿ 3, ತುದಿಯಲ್ಲಿ 3 ಮಿ.ಮೀ. ಹೊಸದು ಅದೇ ಕ್ರಮದಲ್ಲಿ 7, 5, 4. ಕಳೆದರೆ ಹಿಮ್ಮಡಿ 3 ಮಿ.ಮೀ. ಏರಿದೆ, ಬೆರಳಿನ ಬುಡ 2, ತುದಿ 1.

ಎರಡೇ ಎರಡು ಮಿ.ಮೀ.ಗೆ ಇಷ್ಟೊಂದು ಬಿಗಿಯಾ ಅಂತ ಅನ್ನಿಸಬಹುದು. ಪೆಟ್ಟಿಗೆಯ ತಳಕ್ಕೆ ಹಲಗೆ ಹಾಕಿ, ಮುಚ್ಚಳವನ್ನು ಅದೇ ಎತ್ತರದಲ್ಲಿ ಮುಚ್ಚಲು ಹೋದಂತೆ ಇದು. ನೆಲ ಏರಿತು, ಸೂರು ಏರಲಿಲ್ಲ. ಶೂ ಮೇಲ್ಭಾಗ ಪಾದವನ್ನು ಎಡದಿಂದ ಬಲಕ್ಕೆ ಸುತ್ತಿಕೊಂಡಿರುತ್ತದೆ. ನೆಲ 2 ಮಿ.ಮೀ. ಏರಿದರೆ ಎಡಗೋಡೆಯಲ್ಲಿ 2, ಬಲಗೋಡೆಯಲ್ಲಿ 2, ಒಟ್ಟು ಸುತ್ತಳತೆಯಲ್ಲಿ ಸುಮಾರು 4 ಮಿ.ಮೀ. ಕಡಿಮೆಯಾಗುತ್ತದೆ. ಇನ್‌ಸೋಲ್ ಏರಿಸಿದ ದಪ್ಪದ ಎರಡರಷ್ಟು ಸುತ್ತಳತೆ ಹೋಯಿತು ಅಂತ ಇಟ್ಟುಕೊಳ್ಳಿ. ಇದು ಒರಟು ಲೆಕ್ಕ, ಆದರೆ ಅಂಗಡಿಯಲ್ಲಿ ನಿಂತು ನಿರ್ಧಾರ ಮಾಡಲು ಸಾಕು.

ಒಂದು ಸೈಜ್ ಏರಿಸಿದರೆ ಸಿಗುವುದೇನು

ಯುಕೆ ಅಳತೆಯಲ್ಲಿ ಒಂದು ಸೈಜ್ ಅಂದರೆ ಇಂಚಿನ ಮೂರನೇ ಒಂದು ಭಾಗ, ಸುಮಾರು 8.5 ಮಿ.ಮೀ. ಉದ್ದ. ಅಮೆರಿಕದ ಅಳತೆಯಲ್ಲೂ ಹೆಜ್ಜೆ ಅಷ್ಟೇ. ಯುರೋಪಿನ ಅಳತೆಯಲ್ಲಿ ಒಂದು ಸೈಜ್ ಅಂದರೆ ಸೆಂಟಿಮೀಟರಿನ ಮೂರರಲ್ಲಿ ಎರಡು ಭಾಗ, ಸುಮಾರು 6.7 ಮಿ.ಮೀ. ಉದ್ದದ ಜೊತೆಗೆ ಸುತ್ತಳತೆಯೂ ಸ್ವಲ್ಪ ಬೆಳೆಯುತ್ತದೆ. ಯುಕೆ ಒಂದು ಸೈಜಿಗೆ ಬೆರಳಿನ ಬುಡದ ಸುತ್ತಳತೆ ಸಾಮಾನ್ಯವಾಗಿ ಕಾಲು ಇಂಚು, ಸುಮಾರು 6 ಮಿ.ಮೀ. ಹೆಚ್ಚಾಗುತ್ತದೆ. ಅರ್ಧ ಸೈಜಿಗೆ ಸುಮಾರು 3. ತಯಾರಕರಿಂದ ತಯಾರಕರಿಗೆ ಇದು ಸ್ವಲ್ಪ ಆಚೀಚೆ ಆಗುತ್ತದೆ.

ಶಿಕ್ಷಕಿ ಕಳೆದುಕೊಂಡದ್ದು ಸುತ್ತಳತೆಯಲ್ಲಿ 4 ಮಿ.ಮೀ. 7ನೇ ಸೈಜ್ ತಗೊಂಡರೆ 6 ವಾಪಸ್ ಬರುತ್ತದೆ, ಲೆಕ್ಕ ಸರಿಹೋಯಿತಲ್ವಾ? ಸುತ್ತಳತೆಯದ್ದು ಸರಿಹೋಯಿತು. ಆದರೆ ಅದರ ಜೊತೆ ಬೇಡದ 8.5 ಮಿ.ಮೀ. ಉದ್ದವೂ ಬಂತು. ಬೆರಳಿನ ಮುಂದೆ ಇದ್ದ 11 ಮಿ.ಮೀ. ಈಗ ಹತ್ತಿರ ಹತ್ತಿರ 20.

ಉದ್ದ ಜಾಸ್ತಿ ಇದ್ದರೆ ಏನಾಯ್ತು ಅಂತ ಕೇಳುವವರಿದ್ದಾರೆ. ಶೂ ಎಲ್ಲಿ ಬೇಕಾದರೂ ಬಗ್ಗುವುದಿಲ್ಲ. ಹೆಬ್ಬೆರಳಿನ ಬುಡದ ಗೆಣ್ಣು ಬರುವ ಜಾಗದಲ್ಲಿ ಬಗ್ಗುವಂತೆ ಅದನ್ನು ಮಾಡಿರುತ್ತಾರೆ. ಸೋಲ್ ಅತ್ಯಂತ ಅಗಲ ಇರುವುದೂ ಅಲ್ಲೇ. ಹಿಮ್ಮಡಿಯಿಂದ ಈ ಗೆಣ್ಣಿಗೆ ಇರುವ ದೂರ ಪಾದದ ಉದ್ದದ ಸುಮಾರು ಶೇಕಡಾ 70 ಭಾಗ. ಹಾಗಾಗಿ ಶೂ 8.5 ಮಿ.ಮೀ. ಉದ್ದವಾದಾಗ ಬಗ್ಗುವ ಗೆರೆ ಸುಮಾರು 6 ಮಿ.ಮೀ. ಮುಂದಕ್ಕೆ ಹೋಗುತ್ತದೆ. ಪಾದ ಒಂದು ಕಡೆ ಮಡಚಲು ನೋಡುತ್ತದೆ, ಶೂ ಇನ್ನೊಂದು ಕಡೆ. ಇವೆರಡರ ಜಗಳದಲ್ಲಿ ಪ್ರತಿ ಹೆಜ್ಜೆಗೂ ಹಿಮ್ಮಡಿ ಶೂಯಿಂದ ಮೇಲೇಳುತ್ತದೆ. ಅಂಗಾಲು ಮುಂದೆ ಹಿಂದೆ ಜಾರಿ ಬೊಬ್ಬೆ ಬರುತ್ತದೆ. ಹಿಮ್ಮಡಿ ನೋವಿಗೆ ಅಂತ ಹಾಕಿದ ಕಮಾನು ಪಾದ ಜಾರಿದಾಗಲೆಲ್ಲ ತನ್ನ ಜಾಗ ತಪ್ಪುತ್ತದೆ. ಆರ್ಚ್ ಸಪೋರ್ಟ್ ಕೆಲಸ ಮಾಡಬೇಕಾದರೆ ಪಾದ ಅದರ ಮೇಲೆ ಕದಲದೆ ಕೂರಬೇಕು. ದೊಡ್ಡ ಶೂ ಅದನ್ನೇ ಹಾಳು ಮಾಡುತ್ತದೆ. ನನಗೆ ಈ ಸಲಹೆಯ ಮೇಲೆ ಇಷ್ಟು ಅಸಮಾಧಾನ ಇರುವುದು ಇದೇ ಕಾರಣಕ್ಕೆ.

ಇದಕ್ಕಿಂತ ಒಳ್ಳೆಯ ದಾರಿ ಅಗಲದ ಫಿಟ್ಟಿಂಗ್. ಕೆಲವು ಶೂಗಳು ಒಂದೇ ಸೈಜಿನಲ್ಲಿ ಸಾಧಾರಣ, ಅಗಲ, ತುಂಬಾ ಅಗಲ ಅಂತ ಸಿಗುತ್ತವೆ. ಒಂದು ಮಟ್ಟ ಅಗಲ ಏರಿಸಿದರೆ ಸುತ್ತಳತೆ ಸಾಮಾನ್ಯವಾಗಿ ಅದೇ ಕಾಲು ಇಂಚಿನಷ್ಟು ಹೆಚ್ಚುತ್ತದೆ, ಉದ್ದ ಬದಲಾಗುವುದಿಲ್ಲ, ಬಗ್ಗುವ ಗೆರೆಯೂ ಅಲ್ಲೇ ಇರುತ್ತದೆ. ಶಿಕ್ಷಕಿಗೆ ಬೇಕಾದದ್ದು ನಿಖರವಾಗಿ ಇದು: 6ನೇ ಸೈಜಿನಲ್ಲೇ ಅಗಲದ ಶೂ. ಇನ್ನೊಂದು ದಾರಿ, ಆಳ ಜಾಸ್ತಿ ಇರುವ ಶೂ. ಆರ್ಥೋಟಿಕ್, ಅಂದರೆ ಪಾದಕ್ಕೆ ಆಸರೆ ಕೊಡುವ ವಿಶೇಷ ಇನ್‌ಸೋಲ್, ಹಾಕುವವರಿಗೆ ಅಂತಲೇ ಮಾಡಿದ ಇಂಥ ಶೂಗಳಲ್ಲಿ ಒಳಗಿನ ಎತ್ತರ ಮಾಮೂಲಿಗಿಂತ 6 ಮಿ.ಮೀ. ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ. ದಪ್ಪ ಆರ್ಥೋಟಿಕ್ ಇದ್ದವರಿಗೆ ಇದು ಎಲ್ಲಕ್ಕಿಂತ ನೇರವಾದ ಉತ್ತರ.

ಹಾಗಾದರೆ ಎಷ್ಟಕ್ಕೆ ಏನು? ಬೆರಳಿನ ಬುಡದಲ್ಲಿ ಏರಿಕೆ 1 ಮಿ.ಮೀ. ಒಳಗಿದ್ದರೆ ಸೈಜ್ ಮುಟ್ಟಬೇಡಿ, ಲೇಸ್ ಸ್ವಲ್ಪ ಸಡಿಲಿಸಿದರೆ ಆಯಿತು. 2ರಿಂದ 3 ಮಿ.ಮೀ. ಇದ್ದರೆ ಅದೇ ಸೈಜಿನಲ್ಲಿ ಅಗಲದ್ದು ಹುಡುಕಿ. ಅಗಲದ್ದು ಸಿಗದೇ ಇದ್ದರೆ ಅರ್ಧ ಸೈಜ್ ಏರಿಸಬಹುದು, ಅದು ರಾಜಿ ಅನ್ನುವುದು ನೆನಪಿರಲಿ. ಅದಕ್ಕಿಂತ ಜಾಸ್ತಿ ಇದ್ದರೆ ಆ ಶೂ ಆ ಇನ್‌ಸೋಲಿಗೆ ಹೇಳಿ ಮಾಡಿಸಿದ್ದಲ್ಲ. ಎಷ್ಟು ಸೈಜ್ ಏರಿಸಿದರೂ ಸರಿಹೋಗುವುದಿಲ್ಲ. ಶೂ ಬದಲಿಸಿ, ಇಲ್ಲವೇ ಇನ್‌ಸೋಲ್ ತೆಳುವಾದದ್ದು ತಗೊಳ್ಳಿ.

ಇನ್‌ಸೋಲಿನ ಸೈಜ್ ಪಾದ ನೋಡಿ ಆರಿಸಿ, ಶೂ ನೋಡಿ ಅಲ್ಲ

ದೊಡ್ಡ ಶೂ ತಗೊಂಡವರು ಇನ್ನೊಂದು ಬಲೆಗೂ ಬೀಳುತ್ತಾರೆ. ಶೂ 7 ಆಯಿತು ಅಂತ ಇನ್‌ಸೋಲೂ 7ರದ್ದು ತರುತ್ತಾರೆ. ದೊಡ್ಡ ಇನ್‌ಸೋಲಿನಲ್ಲಿ ಕಮಾನಿನ ಉಬ್ಬೂ ಮುಂದಕ್ಕೆ ಹೋಗಿರುತ್ತದೆ. ಅದರ ಮುಂದಿನ ಇಳಿಜಾರು ಹೆಬ್ಬೆರಳಿನ ಬುಡದ ಗೆಣ್ಣಿನ ಕೆಳಗೇ ಬಂದು ಕೂರುತ್ತದೆ. ಆಗ ಅಂಗಾಲಿನಲ್ಲಿ ಕಲ್ಲು ತುಳಿದಂತೆ ಅನ್ನಿಸುತ್ತದೆ. ಈ ಆರ್ಚ್ ಸಪೋರ್ಟ್ ನನಗೆ ಆಗಿ ಬರಲ್ಲ ಅಂತ ಮೂಲೆಗೆ ಎಸೆದವರಲ್ಲಿ ಎಷ್ಟೋ ಜನರ ತೊಂದರೆ ಕಮಾನಿನದ್ದಲ್ಲ, ಕಮಾನು ಕೂತ ಜಾಗದ್ದು.

ಅಳೆಯುವುದು ಸುಲಭ. ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಲ್ಲಿ. ಪಾದದ ಒಳಪಕ್ಕದಲ್ಲಿ, ಹೆಬ್ಬೆರಳಿನ ಬುಡದಲ್ಲಿ ಉಬ್ಬಿ ಕಾಣುವ ಗೆಣ್ಣು ಇದೆಯಲ್ಲ, ಅದರ ನಡುವಿಗೆ ಸರಿಯಾಗಿ ಕಾಗದದ ಮೇಲೆ ಗುರುತು ಹಾಕಿ. ಗೋಡೆಯಿಂದ ಆ ಗುರುತಿಗೆ ಎಷ್ಟು ದೂರ ನೋಡಿ. ಶಿಕ್ಷಕಿಯ ಬಲಪಾದದಲ್ಲಿ ಅದು 178 ಮಿ.ಮೀ. ಈಗ ಇನ್‌ಸೋಲಿನ ಹಿಂದಿನ ಅಂಚಿನಿಂದ 178 ಮಿ.ಮೀ.ಗೆ ಗುರುತು ಹಾಕಿ. ಕಮಾನಿನ ಉಬ್ಬು ಆ ಗುರುತು ಬರುವ ಮೊದಲೇ ಇಳಿದು ಚಪ್ಪಟೆಯಾಗಿರಬೇಕು. ಗಟ್ಟಿ ಪ್ಲಾಸ್ಟಿಕ್ ತಳ ಇದ್ದರೆ ಅದರ ತುದಿಯೂ ಗುರುತಿನ ಹಿಂದೆಯೇ ನಿಲ್ಲಬೇಕು. ಮುಕ್ಕಾಲು ಉದ್ದದ ಇನ್‌ಸೋಲಿಗೂ ಇದೇ ನಿಯಮ.

ಪಾದದ ಉದ್ದ ಒಂದು ಸೈಜ್ ಹೇಳಿ, ಈ ದೂರ ಇನ್ನೊಂದು ಸೈಜ್ ಹೇಳಿದರೆ? ಬೆರಳು ಗಿಡ್ಡ ಇರುವವರಿಗೆ ಹಾಗಾಗುತ್ತದೆ. ಇನ್‌ಸೋಲ್ ವಿಚಾರದಲ್ಲಿ ಗೆಣ್ಣಿನ ದೂರವನ್ನೇ ನಂಬಿ, ಉಳಿದ ಉದ್ದವನ್ನು ಮುಂದಿನಿಂದ ಕತ್ತರಿಸಿದರಾಯಿತು.

ಕತ್ತರಿಸುವಾಗ ಹಳೆಯ ಇನ್‌ಸೋಲನ್ನು ಹೊಸದರ ಮೇಲೆ ಇಟ್ಟು, ಹಿಮ್ಮಡಿ ಅಂಚುಗಳನ್ನು ಕೂಡಿಸಿ, ಮುಂಭಾಗದ ಗೆರೆ ಎಳೆದುಕೊಳ್ಳಿ. ಗೆರೆಯ ಸ್ವಲ್ಪ ಹೊರಗೆ ಕತ್ತರಿಸಿ, ಹಾಕಿ ನೋಡಿ, ಮತ್ತೆ ಎರಡು ಮಿ.ಮೀ. ತೆಗೆಯಿರಿ. ಒಂದೇ ಸಲಕ್ಕೆ ಪೂರ್ತಿ ಕತ್ತರಿಸಬೇಡಿ. ಹಿಮ್ಮಡಿಯ ಕಡೆ ಯಾವತ್ತೂ ಕತ್ತರಿ ಹಾಕಬಾರದು, ಕಮಾನು ಜಾಗ ತಪ್ಪುತ್ತದೆ. ಇನ್‌ಸೋಲ್ ಒಂದಿಷ್ಟು ಉದ್ದ ಉಳಿದರೂ ಶೂ ಮೂತಿಯಲ್ಲಿ ಅದರ ತುದಿ ಮೇಲಕ್ಕೆ ಮಡಚಿಕೊಳ್ಳುತ್ತದೆ. ಆಗ ಬೆರಳಿಗೆ ಏನೋ ತಾಗಿ ಶೂ ಗಿಡ್ಡ ಅನ್ನಿಸುತ್ತದೆ. ಸೈಜ್ ಬದಲಿಸುವ ಮೊದಲು ಒಳಗೆ ಕೈ ಹಾಕಿ ಮುಂದಿನ ಅಂಚು ಚಪ್ಪಟೆಯಾಗಿದೆಯಾ ಮುಟ್ಟಿ ನೋಡಿ.

ಶೂ ಒಳಗೆ ಸರಿಯಾಗಿ ಕೂತಿದೆಯಾ?

ಇನ್‌ಸೋಲ್ ಹಾಕಿದ ಮೇಲೆ, ಕಾಲು ಹಾಕುವ ಮೊದಲು, ಹಿಮ್ಮಡಿ ಭಾಗವನ್ನು ಎರಡು ಬೆರಳಿನಿಂದ ಒತ್ತಿ. ಎಡಕ್ಕೂ ಬಲಕ್ಕೂ ತೂಗಿದರೆ ಅದು ತಳಕ್ಕೆ ಮುಟ್ಟಿಲ್ಲ. ಗಟ್ಟಿ ತಳದ ಇನ್‌ಸೋಲಿನಲ್ಲಿ ಹಿಮ್ಮಡಿ ಕೂರುವ ಬಟ್ಟಲು ಶೂಗಿಂತ ಅಗಲ ಇದ್ದಾಗ ಅದು ಎರಡೂ ಪಕ್ಕದ ಗೋಡೆಗಳನ್ನು ಏರಿ ನಿಲ್ಲುತ್ತದೆ, ಕೆಳಗೆ ಸಂದಿ ಉಳಿಯುತ್ತದೆ. ನಿಮ್ಮ ಲೆಕ್ಕದಲ್ಲಿ ಹಿಮ್ಮಡಿ 3 ಮಿ.ಮೀ. ಏರಬೇಕಿತ್ತು, ನಿಜವಾಗಿ ಏರಿದ್ದು 6 ಆಗಿರಬಹುದು. ನಡೆಯುವಾಗ ಕಿರ್ ಕಿರ್ ಸದ್ದು ಬರುವುದಕ್ಕೂ ಬಹಳ ಸಲ ಇದೇ ಕಾರಣ. ಶೂ ಸೈಜ್ ಏರಿಸಿದರೂ ಹಿಮ್ಮಡಿಯ ಅಗಲ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ, ಆದ್ದರಿಂದ ಇಲ್ಲಿಯೂ ದೊಡ್ಡ ಸೈಜ್ ಪರಿಹಾರ ಅಲ್ಲ. ಕಿರಿದಾದ ಬಟ್ಟಲಿನ ಇನ್‌ಸೋಲ್ ಬೇಕು, ಅಥವಾ ಮಾಡಿಸಿಕೊಂಡದ್ದಾದರೆ ಮಾಡಿದವರ ಹತ್ತಿರ ಅಂಚು ಉಜ್ಜಿಸಬೇಕು.

ಕೂತಿದೆ ಅಂತ ಖಾತ್ರಿಯಾದ ಮೇಲೆ ಶೂ ಹಾಕಿ, ಹಿಮ್ಮಡಿಯನ್ನು ನೆಲಕ್ಕೆ ಒಂದು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ಲೇಸ್ ಕಟ್ಟಿ. ಈಗ ಲೇಸಿನ ತೂತುಗಳ ಎರಡು ಸಾಲುಗಳ ನಡುವಿನ ಅಂತರ ನೋಡಿ. ಇನ್‌ಸೋಲ್ ಬದಲಿಸುವ ಮೊದಲೂ ಒಮ್ಮೆ ನೋಡಿಟ್ಟುಕೊಂಡಿರಿ. ಎರಡು ಸಾಲುಗಳು ಸಾಧಾರಣವಾಗಿ ಒಂದಕ್ಕೊಂದು ಸಮಾನಾಂತರ ಇರಬೇಕು. ಮೊದಲಿಗಿಂತ ತುಂಬಾ ದೂರ ಸರಿದು ನಾಲಿಗೆ ಅಗಲವಾಗಿ ಕಾಣುತ್ತಿದ್ದರೆ ಒಳಗೆ ಜಾಗ ಸಾಲುತ್ತಿಲ್ಲ. ಸಾಲುಗಳು ಒಂದಕ್ಕೊಂದು ತಾಗಿಯೇ ಬಿಟ್ಟರೆ ಶೂ ದೊಡ್ಡದಾಯಿತು, ಇನ್ನು ಬಿಗಿ ಮಾಡಲು ಜಾಗ ಇಲ್ಲ. ಶಿಕ್ಷಕಿ 7ನೇ ಸೈಜ್ ಹಾಕಿ ನೋಡಿದಾಗ ಮುಂದೆ ಬೆರಳು ಆಡುತ್ತಿತ್ತು, ಹಿಮ್ಮಡಿ ಜಾರುತ್ತಿತ್ತು, ಜಾರದಂತೆ ಎಳೆದು ಕಟ್ಟಿದರೆ ಪಾದದ ಮೇಲೆ ನೋವು. 6ರ ಅಗಲದ ಶೂನಲ್ಲಿ ಸಾಲುಗಳ ಅಂತರ ಹಳೆಯ ಶೂನಲ್ಲಿ ಇದ್ದಷ್ಟೇ ಬಂತು.

ಅಲ್ಲೂ ಹಿಮ್ಮಡಿ ಸ್ವಲ್ಪ ಎದ್ದಿತು. ಇದು ಸಹಜ. ಹಿಮ್ಮಡಿ 3 ಮಿ.ಮೀ. ಮೇಲೆ ಕೂತಾಗ ಶೂ ಹಿಂಗೋಡೆ ಅಷ್ಟೇ ತಗ್ಗಿದಂತೆ, ಹಿಡಿತ ಕಡಿಮೆ. ಇನ್ನೊಂದು ವಿಷಯವೂ ಇದೆ. ಶೂ ಹಿಂಗೋಡೆ ನೇರ ಇರುವುದಿಲ್ಲ, ಮೇಲೆ ಹೋದಂತೆ ಒಳಕ್ಕೆ ಬಾಗಿರುತ್ತದೆ. ಹಿಮ್ಮಡಿ ಏರಿದಾಗ ಆ ಬಾಗು ಪಾದವನ್ನು ಒಂದೆರಡು ಮಿ.ಮೀ. ಮುಂದಕ್ಕೆ ತಳ್ಳುತ್ತದೆ. ಮುಂದೆ ಶೂ ಮೂತಿ ತಗ್ಗುತ್ತಾ ಹೋಗಿರುತ್ತದೆ, ಏರಿದ ಬೆರಳಿಗೆ ಅದು ಬೇಗ ತಾಗುತ್ತದೆ. ಉದ್ದ ಕಡಿಮೆಯಾಯಿತು ಅಂತ ಅನ್ನಿಸುವುದು ಹೀಗೆ. ಇದಕ್ಕೋಸ್ಕರ ಬೆರಳಿನ ಮುಂದೆ 10 ಮಿ.ಮೀ. ಇಟ್ಟುಕೊಳ್ಳಿ ಅಂದದ್ದು. 11 ಇದ್ದ ಶಿಕ್ಷಕಿಗೆ ಒಂದೆರಡು ಹೋದರೂ ಸಾಕಾಗುತ್ತದೆ. ಮೊದಲೇ 5 ಮಾತ್ರ ಇದ್ದವರಿಗೆ ಸಾಲುವುದಿಲ್ಲ.

ಹಿಮ್ಮಡಿ ಜಾರುವುದಕ್ಕೆ ಲೇಸಿನಲ್ಲೇ ಮದ್ದಿದೆ. ಕಣಕಾಲಿನ ಹತ್ತಿರ ಶೂಗೆ ಒಂದು ಜೊತೆ ಹೆಚ್ಚುವರಿ ತೂತು ಇದ್ದರೆ ಲೇಸನ್ನು ಅದೇ ಪಕ್ಕದ ಆ ತೂತಿಗೆ ಹೊರಗಿನಿಂದ ಒಳಕ್ಕೆ ಹಾಕಿ ಸಣ್ಣ ಕುಣಿಕೆ ಬಿಡಿ. ಇನ್ನೊಂದು ಪಕ್ಕವೂ ಹಾಗೇ. ಆಮೇಲೆ ಎಡದ ಲೇಸ್ ಬಲದ ಕುಣಿಕೆಯಲ್ಲಿ, ಬಲದ್ದು ಎಡದ ಕುಣಿಕೆಯಲ್ಲಿ ತೂರಿಸಿ, ಹಿಂದಕ್ಕೂ ಕೆಳಕ್ಕೂ ಎಳೆದು ಕಟ್ಟಿ. ಪಾದದ ಮೇಲ್ಭಾಗ ಒತ್ತುತ್ತಿದ್ದರೆ, ಒತ್ತುವ ಜಾಗದಲ್ಲಿ ಮಾತ್ರ ಅಡ್ಡ ಹಾಯಿಸುವುದನ್ನು ಬಿಟ್ಟು ಲೇಸನ್ನು ಅದೇ ಪಕ್ಕದಲ್ಲಿ ನೇರ ಮುಂದಿನ ತೂತಿಗೆ ಒಯ್ಯಿರಿ. ಇಷ್ಟು ಮಾಡಿಯೂ ನಡೆಯುವಾಗ ಹಿಮ್ಮಡಿ ಅರ್ಧ ಸೆಂಟಿಮೀಟರಿಗಿಂತ ಜಾಸ್ತಿ ಏಳುತ್ತಿದ್ದರೆ ಆ ಶೂ ಬಿಡಿ.

ದೊಡ್ಡದೇ ಸರಿ ಅನ್ನುವ ಸಂದರ್ಭಗಳು

ಇಲ್ಲ ಅಂತಲ್ಲ. ಹಳೆಯ ಇನ್‌ಸೋಲಿನ ಮೇಲೆ ನಿಂತಾಗ ಬೆರಳಿನ ಮುಂದೆ 6 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ನೀವು ಇಷ್ಟು ದಿನ ಚಿಕ್ಕ ಶೂನಲ್ಲೇ ಇದ್ದಿರಿ. ಆಗ ಅರ್ಧ ಅಥವಾ ಒಂದು ಸೈಜ್ ಏರಿಸಿ, ಆ ಹೊಸ ಸೈಜನ್ನೇ ನಿಮ್ಮ ಸೈಜ್ ಅಂತ ಹಿಡಿದು ದಪ್ಪದ ಲೆಕ್ಕ ಮಾಡಿ. ಇನ್‌ಸೋಲ್ ಹಾಕಿದಾಗ ಸೈಜ್ ದೊಡ್ಡದು ಬೇಕಾಯಿತು ಅನ್ನುವವರಲ್ಲಿ ಈ ಗುಂಪಿನವರೇ ಜಾಸ್ತಿ ಅಂತ ನನ್ನ ಅಂದಾಜು. ಪಾದದ ಅಳತೆ ಎರಡು ಸೈಜುಗಳ ನಡುವೆ ಬಿದ್ದು, ಇದುವರೆಗೆ ಚಿಕ್ಕದನ್ನು ಆರಿಸಿಕೊಂಡಿದ್ದವರೂ ಈಗ ದೊಡ್ಡದಕ್ಕೆ ಹೋಗಬಹುದು. ದಪ್ಪ ಉಣ್ಣೆಯ ಸಾಕ್ಸ್ ಹಾಕುವ ಬೂಟಿಗೂ ಅರ್ಧ ಸೈಜ್ ಸಮರ್ಥನೀಯ, ಯಾಕೆಂದರೆ ಸಾಕ್ಸ್ ಬೆರಳಿನ ಮುಂದೆಯೂ ಜಾಗ ತಿನ್ನುತ್ತದೆ.

ಒಂದು ಕಾಲಿಗೆ ಮಾತ್ರ ಹಿಮ್ಮಡಿ ಎತ್ತರಿಸುವ ಪ್ಯಾಡ್ ಹಾಕುವವರು ಮಾತ್ರ ಸೈಜ್ ಮುಟ್ಟಲೇಬಾರದು. ಆ ಕಾಲಿಗೆ ಅಂತ ಎರಡೂ ಶೂ ದೊಡ್ಡದಾದರೆ ಇನ್ನೊಂದು ಕಾಲು ಒಳಗೆ ಈಜುತ್ತದೆ. ಪ್ಯಾಡ್ ಸುಮಾರು 1 ಸೆಂ.ಮೀ.ಗಿಂತ ಎತ್ತರ ಬೇಕು ಅಂತ ವೈದ್ಯರು ಹೇಳಿದ್ದರೆ ಅದನ್ನು ಶೂ ಒಳಗೆ ತುರುಕುವುದಕ್ಕಿಂತ ಹೊರಗಿನ ಸೋಲಿಗೇ ಸೇರಿಸಿಸುವುದು ಮೇಲು.

ಲೇಸ್ ಇಲ್ಲದ ಶೂ, ಒಳಪದರ ಅಂಟಿಸಿದ ಶೂ

ಶಿಕ್ಷಕಿಯ ಬಳಿ ಸಮಾರಂಭಗಳಿಗೆ ಹಾಕುವ ಚರ್ಮದ ಶೂ ಕೂಡ ಇತ್ತು. ಲೇಸ್ ಇಲ್ಲ, ಒಳಪದರ ಅಂಟಿಸಿದ್ದು. ಅದರಲ್ಲಿ ಹೊಸ ಇನ್‌ಸೋಲ್ ಇಟ್ಟರೆ ಕಳೆಯಲು ಏನೂ ಇಲ್ಲ: ಹಿಮ್ಮಡಿ ಪೂರಾ 7 ಮಿ.ಮೀ., ಬೆರಳಿನ ಬುಡ 5. ಸುತ್ತಳತೆಯಲ್ಲಿ 10 ಹೋಯಿತು. ಸಡಿಲಿಸಲು ಲೇಸೂ ಇಲ್ಲ. ಇಂಥ ಕಡೆ ಮುಕ್ಕಾಲು ಉದ್ದದ ತೆಳು ಆರ್ಚ್ ಸಪೋರ್ಟ್ ಹೊಂದುತ್ತದೆ. ಅದು ಗೆಣ್ಣಿನ ಹಿಂದೆಯೇ ಮುಗಿಯುವುದರಿಂದ ಬೆರಳುಗಳ ಎತ್ತರಕ್ಕೆ ಕೈ ಹಾಕುವುದಿಲ್ಲ. ಹಿಮ್ಮಡಿ ಮಾತ್ರ ಏರುತ್ತದೆ, ಹಾಗಾಗಿ ಹಿಂಗೋಡೆ ಎತ್ತರ ಇರುವ ಶೂ ಆಗಿರಬೇಕು. ಹಿಂಗೋಡೆ ತಗ್ಗಿರುವ, ಪಾದದ ಮೇಲ್ಭಾಗ ತೆರೆದೇ ಇರುವ ಶೂಗಳಲ್ಲಿ ಇದೂ ನಿಲ್ಲುವುದಿಲ್ಲ. ಅವುಗಳನ್ನು ಆರ್ಚ್ ಸಪೋರ್ಟ್ ಇಲ್ಲದೆ ಸ್ವಲ್ಪ ಹೊತ್ತಿಗೆ ಮಾತ್ರ ಹಾಕುವುದು ಉತ್ತಮ. ಹೊಸ ಫಾರ್ಮಲ್ ಶೂ ಕೊಳ್ಳುವುದಾದರೆ, ಲೇಸಿನ ಎರಡೂ ರೆಕ್ಕೆಗಳು ಮೇಲಿನಿಂದ ಪೂರ್ತಿ ತೆರೆದುಕೊಳ್ಳುವ ಡರ್ಬಿ ಮಾದರಿ ನೋಡಿ. ರೆಕ್ಕೆಗಳ ಬುಡವನ್ನು ಹೊಲಿದು ಮುಚ್ಚಿದ ಆಕ್ಸ್‌ಫರ್ಡ್ ಮಾದರಿಗಿಂತ ಇದರಲ್ಲಿ ಎತ್ತರಕ್ಕೆ ಜಾಗ ಮಾಡಿಕೊಳ್ಳುವುದು ಸುಲಭ.

ಶೂ ಕೊಳ್ಳಲು ಹೋಗುವಾಗ ಇನ್‌ಸೋಲನ್ನು, ದಿನಾ ಹಾಕುವ ಸಾಕ್ಸನ್ನು ಜೊತೆಗೇ ಒಯ್ಯಿರಿ. ಅಂಗಡಿಯಲ್ಲಿ ಶೂ ಒಳಗಿನದನ್ನು ತೆಗೆದು ನಿಮ್ಮದನ್ನು ಹಾಕಿಯೇ ನಡೆದು ನೋಡಿ. ಖಾಲಿ ಶೂ ಸರಿ ಇದೆ ಅಂತ ತಂದು ಮನೆಯಲ್ಲಿ ಇನ್‌ಸೋಲ್ ಹಾಕುವ ಕ್ರಮ ಬೇಡ.

ಮೊದಲ ದಿನಗಳು

ಮೊದಲ ದಿನ ಒಂದೆರಡು ಗಂಟೆ ಸಾಕು, ಅದೂ ಮನೆಯೊಳಗೆ, ಸೋಲ್ ಕೊಳೆಯಾಗದಂತೆ. ಬದಲಿಸಬೇಕಾದರೆ ಅಂಗಡಿಯವರು ವಾಪಸ್ ತಗೊಳ್ಳುವ ಹಾಗಿರಬೇಕು. ದಿನದಿಂದ ದಿನಕ್ಕೆ ಹೊತ್ತು ಹೆಚ್ಚಿಸಿ. ಕಮಾನಿನ ಕೆಳಗೆ ಏನೋ ಇದೆ ಅನ್ನುವ ಭಾವನೆ, ಮೀನಖಂಡದಲ್ಲಿ ಸ್ವಲ್ಪ ದಣಿವು ಮೊದಲಿಗೆ ಇರುತ್ತದೆ. ಅದು ದಿನ ಕಳೆದಂತೆ ಇಳಿಯಬೇಕು. ಪಾದದ ಮೇಲ್ಭಾಗ ಅಥವಾ ಬೆರಳುಗಳು ಜೋಮು ಹಿಡಿದರೆ, ಶೂ ತೆಗೆದ ಮೇಲೆ ಬೆರಳಿನ ಗೆಣ್ಣುಗಳ ಮೇಲೆ ಕೆಂಪು ಗುರುತು ಅರ್ಧ ಗಂಟೆ ಆದರೂ ಮಾಯದಿದ್ದರೆ, ಅದು ಅಭ್ಯಾಸವಾಗುವ ವಿಷಯ ಅಲ್ಲ. ಎತ್ತರ ಸಾಲುತ್ತಿಲ್ಲ ಅಂತಲೇ ಅರ್ಥ.

ಸಕ್ಕರೆ ಕಾಯಿಲೆಯಿಂದಲೋ ಬೇರೆ ಕಾರಣದಿಂದಲೋ ಪಾದದ ಸ್ಪರ್ಶ ಕಡಿಮೆಯಾಗಿರುವವರು ಬಿಗಿ ಇದೆಯಾ ಇಲ್ಲವಾ ಅನ್ನುವುದನ್ನು ಅನಿಸಿಕೆಯ ಮೇಲೆ ಬಿಡಬಾರದು. ಶೂ ಒತ್ತುತ್ತಿದ್ದರೂ ಅವರಿಗೆ ಗೊತ್ತಾಗದೆ ಗಾಯವಾಗಬಹುದು. ಅಂಥವರು ಶೂ ಮತ್ತು ಇನ್‌ಸೋಲ್ ಎರಡನ್ನೂ ಪಾದ ನೋಡುವ ವೈದ್ಯರ ಮುಂದೆಯೇ ಜೋಡಿಸಿಕೊಳ್ಳಬೇಕು. ಹೊಸದು ಹಾಕಿದ ದಿನಗಳಲ್ಲಿ ಪ್ರತಿ ಸಲ ಶೂ ತೆಗೆದ ಕೂಡಲೇ ಬೆರಳಿನ ಸಂದಿ, ಗೆಣ್ಣು, ಹಿಮ್ಮಡಿ ಎಲ್ಲ ಕಣ್ಣಾರೆ ನೋಡಬೇಕು. ಅಂಗಾಲು ಕಾಣದಿದ್ದರೆ ಕನ್ನಡಿ ಹಿಡಿಯಿರಿ, ಅಥವಾ ಮನೆಯವರಿಗೆ ನೋಡಲು ಹೇಳಿ.